ಏಳನೇ ದಿನದ ತಲೆಗೂದಲು: ಬ್ಲೇಡ್ ಹಿಡಿಯುವ ಮೊದಲು

ಮಗು ಹುಟ್ಟಿದ ಏಳನೇ ದಿನ ನಮ್ಮ ಮನೆಗಳಲ್ಲಿ ಮೂರು ಕೆಲಸಗಳು ನಡೆಯುತ್ತವೆ: ಹೆಸರಿಡುವುದು, ಅಕೀಕಾ ಕೊಡುವುದು, ತಲೆಗೂದಲು ತೆಗೆಯುವುದು. ಸಮುರಾ ಬಿನ್ ಜುಂದುಬ್(ರ) ವರದಿ ಮಾಡಿದ ಹದೀಸ್‌ನಲ್ಲಿ ಈ ಮೂರೂ ಒಟ್ಟಿಗೆ ಬಂದಿವೆ. ಹಾಗಾಗಿ ಒಂದು ತಪ್ಪಿದರೆ ಉಳಿದೆರಡೂ ಆಗುವುದಿಲ್ಲ ಎಂದು ಅನೇಕರು ಭಾವಿಸಿದ್ದಾರೆ. ಅದು ಸರಿಯಲ್ಲ. ಪ್ರವಾದಿ(ಸ)ರು ತಮ್ಮ ಮಗ ಇಬ್ರಾಹೀಮರಿಗೆ ಹುಟ್ಟಿದ ರಾತ್ರಿಯೇ ಹೆಸರಿಟ್ಟಿದ್ದರು. ಏಳನೇ ದಿನ ಅಕೀಕಾ ಆಗದಿದ್ದರೆ ಹದಿನಾಲ್ಕನೇ ಅಥವಾ ಇಪ್ಪತ್ತೊಂದನೇ ದಿನ ಕೊಡಬಹುದೆಂದು ವಿದ್ವಾಂಸರು ಹೇಳಿದ್ದಾರೆ. ಈ ಮೂರರಲ್ಲಿ ಮಗುವಿನ ಚರ್ಮಕ್ಕೆ ಲೋಹ ತಾಗುವುದು ತಲೆಗೂದಲು ತೆಗೆಯುವಾಗ ಮಾತ್ರ. ಆದುದರಿಂದ ಅದಕ್ಕೆ ಮಗುವಿನ ಮೈ ಸಿದ್ಧವಿದೆಯೇ ಎಂದು ನೋಡಿಕೊಳ್ಳಲೇಬೇಕು.

ಕೆಲವು ವರ್ಷಗಳ ಹಿಂದೆ ಒಂಬತ್ತು ದಿನದ ಗಂಡು ಮಗುವೊಂದನ್ನು ನನ್ನ ಚಿಕಿತ್ಸಾಲಯಕ್ಕೆ ತಂದಿದ್ದರು. ಎರಡು ದಿನಗಳ ಹಿಂದೆ ಮನೆಯಲ್ಲೇ ತಲೆ ಬೋಳಿಸಲಾಗಿತ್ತು. ಕ್ಷೌರಿಕರು ಅಂಗಡಿಯಲ್ಲಿ ದಿನವೂ ಬಳಸುವ ಕತ್ತಿಯನ್ನೇ ತಂದಿದ್ದರಂತೆ. ಮಗು ಅಳುತ್ತಾ ತಲೆ ಅಲ್ಲಾಡಿಸಿದಾಗ ಎರಡು ಮೂರು ಕಡೆ ಸಣ್ಣ ಗೀರು ಬಿದ್ದಿತ್ತು. ಉರಿ ಇಳಿಯಲೆಂದು ಅಜ್ಜಿ ಅದರ ಮೇಲೆ ಅರಿಶಿನ ಕಲಸಿದ ತೆಂಗಿನೆಣ್ಣೆ ಹಚ್ಚಿದ್ದರು. ನಾನು ನೋಡುವಾಗ ಗೀರುಗಳ ಸುತ್ತ ಚರ್ಮ ಕೆಂಪಾಗಿ ಬಿಸಿಯಾಗಿತ್ತು, ಮೂರು ಕೀವಿನ ಗುಳ್ಳೆಗಳಿದ್ದವು. "ನಿನ್ನೆ ಸಂಜೆಯಿಂದ ಸರಿಯಾಗಿ ಹಾಲು ಕುಡಿಯುತ್ತಿಲ್ಲ ಹಕೀಮ್ ಸಾಹೇಬ್, ಒಂದು ಮರ್ಹಮ್ ಕೊಡಿ" ಎಂದರು ತಾಯಿ. ನಾನು ಮರ್ಹಮ್ ಕೊಡಲಿಲ್ಲ. ಹಾಲು ಬಿಟ್ಟ ಎಳೆಗೂಸಿನ ಸೋಂಕು ಚರ್ಮದಲ್ಲೇ ನಿಲ್ಲದೆ ರಕ್ತಕ್ಕೆ ಇಳಿದಿರಬಹುದು. ಅದಕ್ಕೆ ಲೇಪದಲ್ಲಿ ಪರಿಹಾರವಿಲ್ಲ. ಆ ಕೂಡಲೇ ಮಕ್ಕಳ ಆಸ್ಪತ್ರೆಗೆ ಕಳುಹಿಸಿದೆ. ಹಲವು ದಿನ ಇಂಜೆಕ್ಷನ್ ಪಡೆದು ಮಗು ಗುಣವಾಯಿತು.

ಆ ಗೀರುಗಳು ಉಗುರು ತಾಗಿದಷ್ಟೇ ದೊಡ್ಡವು. ಅಪಾಯ ಇದ್ದದ್ದು ಕತ್ತಿಯಲ್ಲಿ. ಕಣ್ಣಿಗೆ ಕಾಣದಷ್ಟು ರಕ್ತ ಅಂಟಿರುವ ಕತ್ತಿ ಒಣಗಿದ್ದರೂ ಅದರಲ್ಲಿ ಹೆಪಟೈಟಿಸ್ ಬಿ ವೈರಸ್ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ದೊಡ್ಡವರಿಗೆ ಈ ಸೋಂಕು ತಗುಲಿದರೆ ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುತ್ತದೆ. ನವಜಾತ ಶಿಶುವಿಗೆ ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಯಕೃತ್ತಿನಲ್ಲಿ ಕಾಯಂ ಆಗಿ ಉಳಿಯುತ್ತದೆ. ಕತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿದರೆ ಸಾಲದು. ನಿಮ್ಮ ಕಣ್ಣೆದುರೇ ಕಾಗದ ಬಿಡಿಸಿದ ಹೊಸ ಬ್ಲೇಡ್ ಬೇಕು, ಅದನ್ನು ಹಾಕುವ ಹಿಡಿಯೂ ಸ್ವಚ್ಛವಿರಬೇಕು. ಅಂಗಡಿಯಲ್ಲಿ ಎಲ್ಲರ ಗಲ್ಲಕ್ಕೂ ಉಜ್ಜುವ ಪಟಿಕದ ಕಲ್ಲನ್ನು ಮಗುವಿನ ತಲೆಗೆ ತಾಗಿಸಬೇಡಿ.

ಬ್ಲೇಡ್ ತರಿಸುವ ಮೊದಲು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ತೆರೆದು ಎರಡು ವಿಷಯ ನೋಡಿ. ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಕೊಟ್ಟಿದ್ದಾರೆಯೇ? ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದಾರೆಯೇ? ಎರಡನೆಯದು ಬಹಳ ಮುಖ್ಯ. ರಕ್ತ ಹೆಪ್ಪುಗಟ್ಟಲು ಬೇಕಾದ ಈ ವಿಟಮಿನ್ ಹುಟ್ಟುವಾಗ ಮಗುವಿನಲ್ಲಿ ತೀರಾ ಕಡಿಮೆ ಇರುತ್ತದೆ. ಅದರ ಕೊರತೆಯಿಂದ ರಕ್ತಸ್ರಾವ ಆಗುವುದು ಹೆಚ್ಚಾಗಿ ಎರಡರಿಂದ ಏಳನೇ ದಿನದೊಳಗೆ, ಅಂದರೆ ನಾವು ಬ್ಲೇಡ್ ಹಿಡಿಯುವ ಅದೇ ವಾರದಲ್ಲಿ. ಮನೆಯಲ್ಲಿ ಹೆರಿಗೆಯಾದ ಮಕ್ಕಳಿಗೆ ಇದು ತಪ್ಪಿಹೋಗಿರುವ ಸಾಧ್ಯತೆ ಹೆಚ್ಚು. ಚೀಟಿಯಲ್ಲಿ ಕಾಣದಿದ್ದರೆ ಮೊದಲು ವೈದ್ಯರನ್ನು ಕೇಳಿ.

ಇನ್ನು ಕೆಲವು ಮಕ್ಕಳಿಗೆ ಕಾಯುವುದೇ ಒಳ್ಳೆಯದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಮೈಯ ಬಿಸಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ಎಳೆಗೂಸಿನ ದೇಹದಲ್ಲಿ ತಲೆಯೇ ದೊಡ್ಡ ಭಾಗವಾದ್ದರಿಂದ, ಕೂದಲು ಹೋಗಿ ಒದ್ದೆಯಾದ ತಲೆಯ ಮೂಲಕ ಬಿಸಿ ಬೇಗ ಸೋರಿಹೋಗುತ್ತದೆ. ಹೆರಿಗೆಯಲ್ಲಿ ತಲೆಗೆ ಒತ್ತಡ ಬಿದ್ದು ಒಂದು ಪಕ್ಕ ಉಬ್ಬಿದ್ದರೆ, ಒಳಗೆ ರಕ್ತ ಕಟ್ಟಿರಬಹುದು. ಅದು ಇಳಿಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಬ್ಲೇಡ್ ತಾಗಿಸಬಾರದು. ಕಾಮಾಲೆ ಏರುತ್ತಿದ್ದರೆ, ಜ್ವರವಿದ್ದರೆ, ಹಾಲು ಕುಡಿಯದಿದ್ದರೆ ಆ ದಿನ ಹೆಸರಿಡಿ, ಅಕೀಕಾ ಕೊಡಿ. ಕೂದಲು ಮಾತ್ರ ಹಾಗೆಯೇ ಇರಲಿ. ಅದರ ತೂಕವನ್ನು ಅಂದಾಜು ಮಾಡಿ ಸದಕಾ ಕೊಡಲು ಅವಕಾಶವಿದೆ. ಹೆಣ್ಣು ಮಗುವಿನ ತಲೆ ಬೋಳಿಸುವ ಬಗ್ಗೆ ಮದ್‌ಹಬ್‌ಗಳಲ್ಲಿ ಅಭಿಪ್ರಾಯಭೇದವಿದೆ. ಅದನ್ನು ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ಮಗು ಆರೋಗ್ಯವಾಗಿದ್ದರೆ ಹೀಗೆ ಮಾಡಿ. ಹಾಲು ಕುಡಿದು ಅರ್ಧ ಗಂಟೆಯ ನಂತರ, ಮಗು ನಿದ್ದೆಯಲ್ಲಿರುವ ಹೊತ್ತು ಆರಿಸಿ. ಫ್ಯಾನ್ ನಿಲ್ಲಿಸಿ. ಕ್ಷೌರಿಕರು ಸಾಬೂನಿನಿಂದ ಕೈ ತೊಳೆಯಲಿ. ತಾಯಿ ಅಥವಾ ಅಜ್ಜಿ ಕುಳಿತು ಮಗುವನ್ನು ಮಡಿಲಲ್ಲಿ ಮಲಗಿಸಿ, ಇನ್ನೊಬ್ಬರು ಎರಡೂ ಅಂಗೈಗಳಿಂದ ತಲೆಯನ್ನು ಹಿಡಿದಿರಲಿ. ಕುತ್ತಿಗೆಯಿಂದ ಕೆಳಗೆ ಬಟ್ಟೆ ಹೊದಿಸಿ. ಹೊಕ್ಕುಳಬಳ್ಳಿ ಇನ್ನೂ ಬಿದ್ದಿರದಿದ್ದರೆ ಅದರ ಮೇಲೆ ಕೂದಲು ಬೀಳಬಾರದು. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಿಂದ ಕೂದಲನ್ನು ನೆನೆಸಿ, ಕೂದಲು ಬೆಳೆದ ದಿಕ್ಕಿನಲ್ಲೇ ಹಗುರವಾಗಿ ತೆಗೆಯಬೇಕು. ನೆತ್ತಿಯ ಮೆತ್ತನೆಯ ಜಾಗದಲ್ಲಿ ಎಲುಬು ಇನ್ನೂ ಕೂಡಿರುವುದಿಲ್ಲ. ಅಲ್ಲಿ ಗಟ್ಟಿ ಪೊರೆಯಿದೆ, ಹೆದರಬೇಕಿಲ್ಲ, ಆದರೆ ಒತ್ತಬಾರದು. ತಲೆಯ ಒಂದು ಭಾಗ ಬೋಳಿಸಿ ಇನ್ನೊಂದು ಭಾಗ ಬಿಡುವುದನ್ನು ಪ್ರವಾದಿ(ಸ)ರು ತಡೆದಿದ್ದಾರೆ. ಮಗು ತುಂಬಾ ಅತ್ತರೆ ನಿಲ್ಲಿಸಿ ಹಾಲು ಕೊಟ್ಟು, ಅದು ಮಲಗಿದ ಮೇಲೆ ಉಳಿದುದನ್ನು ಮುಗಿಸಿ.

ತೆಗೆದ ಕೂದಲನ್ನು ನೆರಳಿನಲ್ಲಿ ಒಣಗಿಸಿಯೇ ತೂಗಿಸಿ. ಒದ್ದೆ ಕೂದಲಿನಲ್ಲಿ ನೀರಿನ ತೂಕವೇ ಹೆಚ್ಚಿರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಇದು ಸಿಗದು, ಅಕ್ಕಸಾಲಿಗರ ತಕ್ಕಡಿ ಬೇಕು. ಒಣಗಿದ ಕೂದಲು 1.2 ಗ್ರಾಂ ಇದ್ದು, ಅಂದಿನ ಬೆಳ್ಳಿಯ ದರ ಗ್ರಾಂಗೆ 90 ರೂಪಾಯಿ ಇದ್ದರೆ ಸದಕಾ 108 ರೂಪಾಯಿ. ಹಸನ್(ರ) ಜನಿಸಿದಾಗ ಕೂದಲ ತೂಕದಷ್ಟು ಬೆಳ್ಳಿ ಕೊಡಲು ಫಾತಿಮಾ(ರ)ರಿಗೆ ಪ್ರವಾದಿ(ಸ)ರು ಹೇಳಿದಾಗಲೂ ಅದು ಒಂದು ದಿರ್ಹಮ್ ಅಥವಾ ಅದಕ್ಕಿಂತ ತುಸು ಕಡಿಮೆ ಇತ್ತೆಂದು ವರದಿಯಲ್ಲಿದೆ. ಎಂತಹ ಬಡವರ ಮನೆಗೂ ಇದು ಹೊರೆಯಲ್ಲ.

ಇಸ್ಲಾಮಿಗೆ ಮೊದಲು ಅರಬರು ಕೊಯ್ದ ಪ್ರಾಣಿಯ ರಕ್ತವನ್ನು ಮಗುವಿನ ತಲೆಗೆ ಸವರುತ್ತಿದ್ದರು. ಆ ಪದ್ಧತಿ ಹೋಗಿ ಅದರ ಜಾಗದಲ್ಲಿ ಕೇಸರಿ ಬಂತು. ಗೀರು ಇಲ್ಲದ ಚರ್ಮಕ್ಕೆ ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿದ ಎರಡು ಎಸಳು ಕೇಸರಿಯನ್ನು ಹಗುರವಾಗಿ ಸವರಬಹುದು. ಗೀರು ಬಿದ್ದಿದ್ದರೆ ಕೇಸರಿಯೂ ಬೇಡ, ಅರಿಶಿನ, ಗಂಧ, ಎಣ್ಣೆಯೂ ಬೇಡ. ಶುದ್ಧ ಬಟ್ಟೆಯಿಂದ ಒಂದೆರಡು ನಿಮಿಷ ಮೆಲ್ಲನೆ ಒತ್ತಿ ಹಿಡಿಯಿರಿ, ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಬಳ್ಳಿ ಬೀಳುವವರೆಗೆ ಮೀಯಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ತಕ್ಷಣ ಹತ್ತಿಯ ಟೋಪಿ ಹಾಕಿ. ಅಕೀಕಾದ ಮಾಂಸ ಕತ್ತರಿಸಿದವರು ಸಾಬೂನು ಹಾಕಿ ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು. ಕೆಮ್ಮು ನೆಗಡಿ ಇರುವ ನೆಂಟರು ದೂರದಿಂದಲೇ ದುಆ ಮಾಡಲಿ.

ಮುಂದಿನ ಮೂರು ದಿನ ಬೆಳಿಗ್ಗೆ ಸಂಜೆ ಟೋಪಿ ತೆಗೆದು ಬೆಳಕಿನಲ್ಲಿ ತಲೆ ನೋಡಿ. ಗೀರಿನ ಸುತ್ತ ಕೆಂಪು ಹರಡಿದರೆ, ಕೀವು ಕಂಡರೆ, ಕಂಕುಳದ ಶಾಖ 37.5 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಮೈ ತಣ್ಣಗಾದರೆ, ಮಗು ಹಾಲು ಬಿಟ್ಟು ಮಂಕಾಗಿ ಮಲಗಿದರೆ ನನ್ನ ಬಳಿಗೂ ಬರಬೇಡಿ. ಅಂದೇ, ರಾತ್ರಿಯಾದರೂ ಸರಿ, ಮಕ್ಕಳ ತಜ್ಞರಿರುವ ಆಸ್ಪತ್ರೆಗೆ ಹೋಗಿ.