ಮಗನಿಗೆ ಬೈಕೇ ಬೇಕು, ನಮಗೆ ಭಯ: ಏನು ಮಾಡಲಿ?

ಪ್ರಶ್ನೆ: ನಮ್ಮದು ಗುಬ್ಬಿ ತಾಲ್ಲೂಕಿನ ಹಳ್ಳಿ. ಮಗನಿಗೆ ತುಮಕೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಮನೆಯಿಂದ ಕಾಲೇಜಿಗೆ 22 ಕಿ.ಮೀ., ಹೆಚ್ಚಿನ ದಾರಿಯೆಲ್ಲ ಹೆದ್ದಾರಿ. ನವೆಂಬರ್‌ಗೆ ಅವನಿಗೆ 18 ತುಂಬುತ್ತದೆ. 200 ಸಿಸಿ ಬೈಕೇ ಬೇಕು ಎಂದು ಹಟ ಹಿಡಿದಿದ್ದಾನೆ. ಅವರಪ್ಪ, ‘ಕೊಡಿಸಿದ್ರೆ ಸ್ಕೂಟರ್, ಇಲ್ಲಾಂದ್ರೆ ಬಸ್ಸಲ್ಲಿ ಹೋಗ್ಲಿ’ ಅನ್ನುತ್ತಾರೆ. ಹೋದ ವರ್ಷ ನನ್ನ ಅಣ್ಣನ ಮಗ ಬೈಕಿನಿಂದ ಬಿದ್ದು ಮೂರು ತಿಂಗಳು ಹಾಸಿಗೆ ಹಿಡಿದಿದ್ದ, ಆ ಭಯ ನಮಗೆ ಇನ್ನೂ ಹೋಗಿಲ್ಲ. ‘ನೀವು ಕೊಡಿಸದಿದ್ರೆ ಫ್ರೆಂಡ್ಸ್ ಗಾಡಿ ಓಡಿಸ್ತೀನಿ’ ಅಂತಾನೆ ಮಗ. ‘ಈಗಲೇ ತೆಗೆದುಕೊಡಿ, ಹಳ್ಳಿ ಕಡೆ ಯಾರು ಹಿಡೀತಾರೆ’ ಅನ್ನುವವರೂ ಇದ್ದಾರೆ. ಅಪ್ಪ ಮಗ ಮಾತು ಬಿಟ್ಟು ವಾರವಾಯಿತು. ನಾನು ಯಾರ ಕಡೆ ನಿಲ್ಲಲಿ?
— ಒಬ್ಬ ತಾಯಿ

ಉತ್ತರ: ಅಮ್ಮಾ, ನೀವು ಯಾರ ಕಡೆಯೂ ನಿಲ್ಲಬೇಕಾಗಿಲ್ಲ. ಅಪ್ಪನ ಭಯವೂ ಸುಳ್ಳಲ್ಲ, ಮಗನ ಆಸೆಯೂ ತಪ್ಪಲ್ಲ. ಆದರೆ ಇಬ್ಬರೂ ಹಿಡಿದಿರುವ ಗಾಡಿ ಮಾತ್ರ ನಿಮ್ಮ ದಾರಿಗೆ ಸರಿಹೊಂದುವುದಿಲ್ಲ. ಅದು ಯಾಕೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ. ಈ ಪತ್ರಿಕೆಯನ್ನು ಊಟದ ಹೊತ್ತಿಗೆ ಅವರಿಬ್ಬರ ಕೈಗೂ ಕೊಡಿ.

ಮೊದಲು ವಯಸ್ಸಿನ ಮಾತು. ನವೆಂಬರ್‌ವರೆಗೆ ಅವನು ಯಾವ ಗಾಡಿಯನ್ನೂ ರಸ್ತೆಗೆ ಇಳಿಸುವಂತಿಲ್ಲ. ‘16ಕ್ಕೇ ಲೈಸೆನ್ಸ್ ಸಿಗುತ್ತೆ’ ಎಂದು ಯಾರಾದರೂ ಹೇಳಿದ್ದರೆ ಅದು ಅರ್ಧ ನಿಜ. ಆ ಲೈಸೆನ್ಸ್ 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಗೆ ಮಾತ್ರ. ಈಗ ಷೋರೂಂನಲ್ಲಿ ನಿಂತಿರುವ ಪೆಟ್ರೋಲ್ ಸ್ಕೂಟರ್‌ಗಳು ಸಾಮಾನ್ಯವಾಗಿ 110 ಸಿಸಿ, 125 ಸಿಸಿಯವು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, 18 ತುಂಬದ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರೋ ಗಾಡಿಯ ಮಾಲೀಕರೋ ತಪ್ಪಿತಸ್ಥರಾಗುತ್ತಾರೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗಂತೂ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಗೆಳೆಯನ ಗಾಡಿ ಓಡಿಸಿದರೂ ಇದೇ ಕಾನೂನು. ಮಗನಿಗೆ ಬೈಯುವ ಬದಲು 25ರವರೆಗೆ ಲೈಸೆನ್ಸ್ ಇಲ್ಲ ಎನ್ನುವ ಮಾತನ್ನು ತಿಳಿಸಿ ಹೇಳಿ. ಮೂರು ತಿಂಗಳು ತಡೆಯಲಾರದೆ ಏಳು ವರ್ಷ ಕಳೆದುಕೊಳ್ಳುವ ಲೆಕ್ಕ ಅವನಿಗೂ ಅರ್ಥವಾಗುತ್ತದೆ. ಅಲ್ಲಿಯವರೆಗೆ ವಿದ್ಯಾರ್ಥಿ ಬಸ್ ಪಾಸ್ ಮಾಡಿಸಿ.

ಇನ್ನು ಗಾಡಿಯ ವಿಷಯ. ಸ್ಕೂಟರ್ ಎಂದರೆ ಸುರಕ್ಷಿತ ಎಂದು ನಿಮ್ಮ ಯಜಮಾನರು ನಂಬಿದ್ದಾರೆ. ತುಮಕೂರು ಪೇಟೆಯೊಳಗೆ ಎರಡು ಮೂರು ಕಿ.ಮೀ. ಓಡಾಟವಾಗಿದ್ದರೆ ನಾನೂ ಸ್ಕೂಟರನ್ನೇ ಹೇಳುತ್ತಿದ್ದೆ. ಆದರೆ ಸ್ಕೂಟರ್‌ನ ಚಕ್ರ ಸಾಮಾನ್ಯವಾಗಿ 10 ಅಥವಾ 12 ಇಂಚಿನದು, ಬೈಕಿನದು 17 ಅಥವಾ 18 ಇಂಚಿನದು. ಹೆದ್ದಾರಿಯಲ್ಲಿ 60ರ ವೇಗದಲ್ಲಿ ಹೋಗುವಾಗ ಗುಂಡಿಯೋ ಡಾಂಬರು ಕಿತ್ತ ಅಂಚೋ ಎದುರಾದರೆ ದೊಡ್ಡ ಚಕ್ರ ಅದನ್ನು ಹತ್ತಿ ದಾಟುತ್ತದೆ. ಚಿಕ್ಕ ಚಕ್ರ ಅದರೊಳಗೆ ಇಳಿದು ಹ್ಯಾಂಡಲ್ ತಿರುಚುತ್ತದೆ. ಪಕ್ಕದಲ್ಲಿ ಲಾರಿ ಹಾದಾಗ ಬೀಸುವ ಗಾಳಿಗೂ ಚಿಕ್ಕ ಚಕ್ರದ ಗಾಡಿ ಹೆಚ್ಚು ಅಲುಗುತ್ತದೆ. ದಿನಕ್ಕೆ 44 ಕಿ.ಮೀ. ಹೆದ್ದಾರಿ ಓಡಾಟಕ್ಕೆ ಬೈಕೇ ವಾಸಿ. ಈ ವಿಷಯದಲ್ಲಿ ಮಗನ ಮಾತು ಸರಿ.

ಆದರೆ 200 ಸಿಸಿಯ ಮಾತು ಸರಿಯಲ್ಲ. ಆ ಬೈಕುಗಳ ತೂಕ ಹೆಚ್ಚುಕಡಿಮೆ 150–160 ಕೆ.ಜಿ., 125 ಸಿಸಿಯದು 120ರ ಆಸುಪಾಸು. ಎಂಜಿನ್ನಿನ ಶಕ್ತಿ ಸುಮಾರು ಎರಡು ಪಟ್ಟು. ಆಕ್ಸಿಲರೇಟರನ್ನು ಸ್ವಲ್ಪ ಹೆಚ್ಚಾಗಿ ತಿರುಗಿಸಿದರೂ ಅದು ಎಷ್ಟು ಮುಂದೆ ನುಗ್ಗುತ್ತದೆ ಎಂಬ ಅಂದಾಜು ಹೊಸಬರ ಕೈಗೆ ಇರುವುದಿಲ್ಲ. 60ರ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ ಸುಮಾರು 17 ಮೀಟರ್ ಹೋಗಿರುತ್ತದೆ, 80ರಲ್ಲಿ 22 ಮೀಟರ್. ಎದುರಿಗೆ ಎಮ್ಮೆ ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಮೇಲೆ ಬೆರಳು ಹೋಗುವಷ್ಟರಲ್ಲೇ ಆ ಒಂದು ಸೆಕೆಂಡು ಮುಗಿದಿರುತ್ತದೆ. ಅಲ್ಲಿಂದ ಮುಂದೆ, 60ರಲ್ಲಿ ಬ್ರೇಕ್ ಹಿಡಿದು ನಿಲ್ಲಿಸಲು ಬೇಕಾದ ದೂರದ ಸುಮಾರು ಒಂದೂಮುಕ್ಕಾಲು ಪಟ್ಟು 80ರಲ್ಲಿ ಬೇಕು. 80ನ್ನು ಆರಾಮವಾಗಿ ಮುಟ್ಟುವ ಬೈಕು ಕೈಯಲ್ಲಿದ್ದರೆ ಹುಡುಗ 80ರಲ್ಲೇ ಹೋಗುತ್ತಾನೆ. ಅದಕ್ಕೆ ಅವನ ಗುಣವನ್ನು ದೂರಬೇಡಿ. ಆ ವಯಸ್ಸಿನಲ್ಲಿ ಯಾರೇ ಆದರೂ ಹಾಗೇ ಹೋಗುತ್ತಾರೆ.

ಹಾಗಾಗಿ ನನ್ನ ಸಲಹೆ 125 ಸಿಸಿಯ, ಗೇರ್ ಇರುವ, ಮುಂದೆ ಡಿಸ್ಕ್ ಬ್ರೇಕ್ ಇರುವ ಬೈಕು. 125 ಸಿಸಿ ಮೀರಿದ ಬೈಕುಗಳಿಗೆ 2019ರಿಂದ ಎಬಿಎಸ್ ಕಡ್ಡಾಯವಾಯಿತು. ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಸಿಕ್ಕಿಕೊಂಡು ಜಾರದಂತೆ ಅದು ತಡೆಯುತ್ತದೆ. 125 ಮತ್ತು ಅದಕ್ಕಿಂತ ಚಿಕ್ಕ ಗಾಡಿಗಳಿಗೆ ಸಿಬಿಎಸ್ ಇದ್ದರೆ ಸಾಕು ಎಂದಾಯಿತು. ಅದು ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಂಚುತ್ತದೆ, ಚಕ್ರ ಜಾರುವುದನ್ನು ತಡೆಯುವುದಿಲ್ಲ. ಕೆಲವು 125 ಸಿಸಿ ಮಾದರಿಗಳಲ್ಲಿ ಎಬಿಎಸ್ ಇರುವುದೂ ಸಿಗುತ್ತದೆ. ಹೆಚ್ಚಿನ ದುಡ್ಡು ಕೊಡುವುದಾದರೆ ಬಣ್ಣಕ್ಕೋ ಬ್ಲೂಟೂತ್ ಮೀಟರಿಗೋ ಕೊಡಬೇಡಿ, ಇದಕ್ಕೆ ಕೊಡಿ. ಇಷ್ಟು ಷರತ್ತಿನೊಳಗೆ ಯಾವ ಕಂಪನಿ, ಯಾವ ಬಣ್ಣ, ಯಾವ ಮಾದರಿ ಎನ್ನುವುದು ಪೂರ್ತಿ ಮಗನ ಆಯ್ಕೆ. ಅದರಲ್ಲಿ ಅಪ್ಪ ಬಾಯಿ ಹಾಕಬಾರದು.

ಷೋರೂಂಗೆ ಹೋದಾಗ ಒಂದು ಪರೀಕ್ಷೆ ಮಾಡಿಸಿ. ಮಗ ಬೈಕಿನ ಮೇಲೆ ಕೂತು ಸ್ಟ್ಯಾಂಡ್ ತೆಗೆಯಲಿ. ಎರಡೂ ಪಾದ ಹಿಮ್ಮಡಿಸಮೇತ ನೆಲಕ್ಕೆ ತಾಗಬೇಕು. ಕೂತಲ್ಲಿಂದಲೇ ಬೈಕನ್ನು ಕಾಲಿನಲ್ಲಿ ಹಿಂದಕ್ಕೆ ತಳ್ಳಿ, ಪಕ್ಕಕ್ಕೆ ಸ್ವಲ್ಪ ವಾಲಿಸಿ ಮತ್ತೆ ನೆಟ್ಟಗೆ ಮಾಡಲಿ. ತುದಿಗಾಲಲ್ಲಿ ನಿಂತು ತಿಣುಕುತ್ತಿದ್ದರೆ ಆ ಗಾಡಿ ಅವನಿಗೆ ದೊಡ್ಡದಾಯಿತು. 200 ಸಿಸಿಯದರ ಮೇಲೂ ಇದನ್ನೇ ಮಾಡಿಸಿ. ನೀವು ಹೇಳಬೇಕಾದ ಅರ್ಧ ಮಾತನ್ನು ಆ ಗಾಡಿಯ ಭಾರವೇ ಹೇಳುತ್ತದೆ.

ಈಗ ಕ್ರಮ. ಹುಟ್ಟುಹಬ್ಬವಾದ ಮೇಲೆ ಎಲ್‌ಎಲ್‌ಆರ್ ಮಾಡಿಸಿ. ಅರ್ಜಿಯಲ್ಲಿ ಗೇರ್ ಇರುವ ಬೈಕ್ ಎಂದೇ ಗುರುತು ಹಾಕಿ. ಗೇರ್ ಇಲ್ಲದ ಗಾಡಿಯ ಲೈಸೆನ್ಸ್‌ನಲ್ಲಿ ಬೈಕ್ ಓಡಿಸುವಂತಿಲ್ಲ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, 30 ದಿನವಾದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಆ ಒಂದು ತಿಂಗಳು ಹೊಸ ಬೈಕು ಕೊಳ್ಳಬೇಡಿ. ಮನೆಯಲ್ಲಿ ಅಪ್ಪನದೋ ಚಿಕ್ಕಪ್ಪನದೋ 100 ಸಿಸಿ ಹಳೇ ಬೈಕು ಇದ್ದರೆ ಅದಕ್ಕೆ ಎಲ್ ಬೋರ್ಡ್ ಹಾಕಿ ಅದರಲ್ಲೇ ಕಲಿಯಲಿ. ಎಲ್‌ಎಲ್‌ಆರ್ ಇರುವಾಗ ಹಿಂದೆ ಕೂರುವುದಾದರೆ ಡಿಎಲ್ ಇದ್ದು ಕಲಿಸುವವರೇ ಕೂರಬೇಕು, ಅಂದರೆ ಅಪ್ಪ. ಮಾತು ಬಿಟ್ಟಿರುವ ಇಬ್ಬರನ್ನು ಒಂದೇ ಸೀಟಿನ ಮೇಲೆ ಕೂರಿಸಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಕಾಣುತ್ತಿಲ್ಲ.

ಆ ತಿಂಗಳಲ್ಲಿ ಮುಖ್ಯವಾಗಿ ಕಲಿಯಬೇಕಾದದ್ದು ಬ್ರೇಕ್. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೀತೀವಿ ಎಂದು ನಮ್ಮ ಕಡೆ ಬಹಳ ಜನ ಹಿಂದಿನ ಬ್ರೇಕನ್ನಷ್ಟೇ ತುಳಿಯುತ್ತಾರೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಹಿಂದಿನದೊಂದನ್ನೇ ತುಳಿದರೆ ಹಿಂಚಕ್ರ ಜಾರಿ ಗಾಡಿ ಅಡ್ಡ ತಿರುಗುತ್ತದೆ. ಊರಿನ ಶಾಲೆಯ ಬಯಲಿನಲ್ಲಿ, ನೆಲ ಗಟ್ಟಿಯಾಗಿ ಒಣಗಿರುವ ಕಡೆ, ಸುಣ್ಣದಲ್ಲೊಂದು ಗೆರೆ ಎಳೆಯಿರಿ. 20ರ ವೇಗದಲ್ಲಿ ಬಂದು ಗೆರೆ ಮುಟ್ಟಿದಾಗ ಎರಡೂ ಬ್ರೇಕ್ ಹಿಡಿಯಲಿ. ಮುಂದಿನದನ್ನು ಒಮ್ಮೆಲೇ ಕಿತ್ತು ಎಳೆಯಬಾರದು, ನಿಂಬೆಹಣ್ಣು ಹಿಂಡುವಂತೆ ಬಿಗಿ ಹೆಚ್ಚಿಸುತ್ತಾ ಹೋಗಬೇಕು. ಹ್ಯಾಂಡಲ್ ನೆಟ್ಟಗಿರಬೇಕು. ಗಾಡಿ ನಿಂತ ಜಾಗಕ್ಕೆ ಕಲ್ಲಿಡಿ. ದಿನದಿನಕ್ಕೆ ಆ ಕಲ್ಲು ಗೆರೆಯ ಹತ್ತಿರ ಬರಬೇಕು. ಆಮೇಲೆ 30, ಆಮೇಲೆ 40. ಮಣ್ಣು ಸಡಿಲವಿದ್ದರೆ, ನೆಲ ಒದ್ದೆಯಿದ್ದರೆ ಈ ಅಭ್ಯಾಸ ಬೇಡ.

ಡಿಎಲ್ ಕೈಗೆ ಬಂದ ಮೇಲೆ ಬೈಕು ಕೊಳ್ಳಿ, ಮಗನ ಹೆಸರಿನಲ್ಲೇ ನೋಂದಣಿ ಮಾಡಿಸಿ. ಇದಕ್ಕೊಂದು ಕಾರಣವಿದೆ. ವಿಮೆಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಗಾಡಿಯ ಮಾಲೀಕರಿಗೆ, ಅವರೇ ಓಡಿಸುತ್ತಿದ್ದು ಅವರಿಗೆ ಲೈಸೆನ್ಸ್ ಇದ್ದರೆ ಮಾತ್ರ ಅನ್ವಯ. ಬೈಕು ಅಪ್ಪನ ಹೆಸರಿನಲ್ಲಿದ್ದು ಮಗ ಬಿದ್ದರೆ ಆ ಹಣ ಅವನಿಗೆ ಬರುವುದಿಲ್ಲ. ಅಪ್ಪನ ಹೆಸರಲ್ಲೇ ಇರಬೇಕು ಎಂದಾದರೆ ಮಗನಿಗೆ ಬೇರೆ ಅಪಘಾತ ವಿಮೆ ಮಾಡಿಸಿ.

ಹೆಲ್ಮೆಟ್ಟನ್ನು ಅದೇ ದಿನ ಕೊಳ್ಳಿ. ಐಎಸ್‌ಐ ಗುರುತಿನ, ಗದ್ದ ಮುಚ್ಚುವ ಪೂರ್ತಿ ಹೆಲ್ಮೆಟ್ ಇರಲಿ. ಹಾಕಿಕೊಂಡಾಗ ಕೆನ್ನೆ ಒತ್ತಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆ, ತಲೆ ಬೇರೆ ಅಲ್ಲಾಡಬಾರದು. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮೇಲಕ್ಕೆತ್ತಿ ನೋಡಿ. ಕಳಚಿ ಬಂದರೆ ಬೇರೆ ಅಳತೆ ಕೇಳಿ.

ಮೊದಲ ಆರು ತಿಂಗಳಿಗೆ ಮೂರೇ ಮೂರು ಷರತ್ತು ಸಾಕು. ಹಿಂದೆ ಗೆಳೆಯರನ್ನು ಕೂರಿಸಬಾರದು, ಏಕೆಂದರೆ 60 ಕೆ.ಜಿ. ಹಿಂದೆ ಕೂತರೆ ಬ್ರೇಕು, ತಿರುವು ಎಲ್ಲದರ ಲೆಕ್ಕವೂ ಬದಲಾಗುತ್ತದೆ. ಕತ್ತಲಾದ ಮೇಲೆ ಹೆದ್ದಾರಿಗೆ ಇಳಿಯಬಾರದು; ತಡವಾದರೆ ಗಾಡಿಯನ್ನು ಕಾಲೇಜಿನಲ್ಲೇ ಬಿಟ್ಟು ಬಸ್ಸಿಗೆ ಬರಲಿ, ಅದಕ್ಕೆ ಯಾರೂ ಬೈಯಬಾರದು. ಫೋನು ಬ್ಯಾಗಿನೊಳಗೆ ಇರಬೇಕು. ಈ ಮೂರನೆಯದರಲ್ಲಿ ನಿಮ್ಮ ಪಾಲೂ ಇದೆ, ಅಮ್ಮಾ. ಅವನು ದಾರಿಯಲ್ಲಿರುವಾಗ ‘ಎಲ್ಲಿದ್ದೀಯ’ ಎಂದು ನೀವು ಫೋನ್ ಮಾಡಿದರೆ ಅವನ ಕೈ ಬ್ಯಾಗಿಗೆ ಹೋಗುತ್ತದೆ. ತಲುಪಿದ ಮೇಲೆ ಅವನೇ ಒಂದು ಮಿಸ್ಡ್ ಕಾಲ್ ಕೊಡಲಿ, ಅಲ್ಲಿಯವರೆಗೆ ನೀವು ತಡೆದುಕೊಳ್ಳಿ. ಮಗ ನೋಡಿ ಕಲಿಯುವುದು ಅಪ್ಪನನ್ನೇ, ಹಾಗಾಗಿ ಅಪ್ಪ ತೋಟಕ್ಕೆ ಹೋಗುವಾಗಲೂ ಹೆಲ್ಮೆಟ್ ಹಾಕಲಿ.

ಷರತ್ತು ಮುರಿದರೆ ಒಂದು ವಾರ ಕೀ ನಿಮ್ಮ ಬಳಿ ಇರಲಿ, ಎಂಟನೆಯ ದಿನ ಮಾತಿಲ್ಲದೆ ವಾಪಸ್ ಕೊಡಿ. ಬೈಕನ್ನೇ ಕಿತ್ತುಕೊಂಡರೆ ಅವನು ಗೆಳೆಯರ ಗಾಡಿ ಹತ್ತುತ್ತಾನೆ, ಅದರ ಬ್ರೇಕು ಹೇಗಿದೆಯೋ ನಿಮಗೆ ಗೊತ್ತಿರುವುದಿಲ್ಲ. ಎರಡು ವರ್ಷ ಸರಿಯಾಗಿ ಓಡಿಸಿದರೆ 200 ಸಿಸಿಯ ಮಾತನ್ನು ಮತ್ತೆ ಎತ್ತಬಹುದು ಎಂದು ಅಪ್ಪನೇ ಬಾಯಿಬಿಟ್ಟು ಹೇಳಲಿ. ‘ಇಲ್ಲ’ ಎನ್ನುವುದಕ್ಕೂ ‘ಈಗ ಬೇಡ’ ಎನ್ನುವುದಕ್ಕೂ ಇರುವ ಅಂತರ ಹದಿನೆಂಟರ ಹುಡುಗನಿಗೆ ಬಹಳ ದೊಡ್ಡದು. ವಾರದ ಮೌನ ಮುರಿಯಲು ಅವರಪ್ಪ ಆ ಮಾತಿನಿಂದಲೇ ಶುರು ಮಾಡಲಿ.