ಅಪ್ಪಾಜಿ ಫೋನಿನ ಆ ರಾಗ

ಪ್ರಶ್ನೆ: 2003ರ ಸುಮಾರಿಗೆ ಅಪ್ಪಾಜಿ ಹತ್ತಿರ ನೋಕಿಯಾ 3310 ಇತ್ತು. ಅಂಗಡಿ ಬಾಗಿಲು ಹಾಕಿಕೊಂಡು ಬರುವಾಗ ಅದರ ರಿಂಗ್‌ಟೋನ್ ಬೀದಿ ತಿರುವಿನಿಂದಲೇ ಕೇಳಿಸುತ್ತಿತ್ತು. ಈಗ ಅಪ್ಪಾಜಿ ಇಲ್ಲ, ಆ ಫೋನೂ ಇಲ್ಲ. ರಾಗ ಮಾತ್ರ ತಲೆಯಲ್ಲಿದೆ. ಎಲ್ಲರಿಗೂ ಗೊತ್ತಿರುವ ನೋಕಿಯಾ ಟ್ಯೂನ್ ಅಲ್ಲ, ಅದಕ್ಕಿಂತ ಚುರುಕು. ಹಾಡು ಗುರುತಿಸುವ ಆ್ಯಪ್ ಮುಂದೆ ಗುನುಗಿದರೆ ಏನೂ ಸಿಗುತ್ತಿಲ್ಲ. ‘ನೀನೇ ಕಟ್ಟಿಕೊಂಡಿರಬೇಕು’ ಅಂತಾರೆ ನಮ್ಮೆಜಮಾನ್ರು. ಗುನುಗಿದ್ದನ್ನು ರೆಕಾರ್ಡ್ ಮಾಡಿ ಕಳಿಸಿದ್ದೇನೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಇಲ್ಲಮ್ಮ, ನೀವು ಕಟ್ಟಿಕೊಂಡದ್ದಲ್ಲ.

ಆ್ಯಪ್ ಸೋತದ್ದು ಸಹಜ. ಅಂಥ ಬಹುಪಾಲು ಆ್ಯಪ್‌ಗಳು ಹುಡುಕುವುದು ರಾಗವನ್ನಲ್ಲ, ಒಂದು ನಿರ್ದಿಷ್ಟ ರೆಕಾರ್ಡಿಂಗಿನ ಸದ್ದಿನ ಗುರುತನ್ನು. 3310ರ ಒಳಗೆ ರೆಕಾರ್ಡಿಂಗೇ ಇರಲಿಲ್ಲ. ಯಾವ ಸ್ವರ, ಎಷ್ಟು ಹೊತ್ತು ಎಂಬ ಪಟ್ಟಿಯಷ್ಟೇ ಇತ್ತು. ಅದನ್ನು ನೋಡಿಕೊಂಡು ಫೋನು ಒಂದು ಸಲಕ್ಕೆ ಒಂದೇ ಸ್ವರ ಕೀಂಯ್‌ಗುಡುತ್ತಿತ್ತು.

ಹಾಗಾಗಿ ರಾಗದ ಏರಿಳಿತ ಹಿಡಿದು ಹುಡುಕಬೇಕು. ಶ್ರುತಿ ತಪ್ಪಿದರೂ ಚಿಂತೆಯಿಲ್ಲ. ಮೊದಲ ಸ್ವರಕ್ಕೆ ನಕ್ಷತ್ರ ಹಾಕಿ. ಮುಂದಿನದು ಏರಿದರೆ u, ಇಳಿದರೆ d, ಅಲ್ಲೇ ನಿಂತರೆ r. ಡೆನಿಸ್ ಪಾರ್ಸನ್ಸ್ ಎಂಬವರು 1975ರಲ್ಲಿ ಈ ಕ್ರಮದಲ್ಲೇ ರಾಗಗಳ ನಿಘಂಟು ಮಾಡಿದ್ದರು. ನೀವು ಗುನುಗಿದ್ದನ್ನು ನಾಲ್ಕು ಸಲ ಕೇಳಿ ಬರೆದುಕೊಂಡೆ:

```
*udduddudd
```

ಒಂದು ಹೆಜ್ಜೆ ಮೇಲೆ, ಎರಡು ಕೆಳಗೆ. ಹೀಗೆ ಮೂರು ಸಲ. ಮೆಟ್ಟಿಲ ಮೇಲೆ ಬಿಟ್ಟ ಚೆಂಡು ಪುಟಿಪುಟಿದು ಇಳಿದ ಹಾಗೆ. ನೋಕಿಯಾ ಟ್ಯೂನ್‌ಗೆ ಇದೇ ಲೆಕ್ಕ ಹಾಕಿದರೆ ಎರಡು ಕೆಳಗೆ, ಎರಡು ಮೇಲೆ ಎಂದು ಬರುತ್ತದೆ. ಅದು ಸ್ಪೇನಿನ ಗಿಟಾರ್‌ವಾದಕ ಫ್ರಾನ್ಸಿಸ್ಕೊ ತಾರೆಗಾನ ‘ಗ್ರಾನ್ ವಾಲ್ಸ್’ನ ತುಣುಕು. ನಿಮ್ಮದು ಅದಲ್ಲ ಎಂದದ್ದು ಸರಿಯೇ.

ನನ್ನ ಲೆಕ್ಕದಲ್ಲಿ ನಿಮ್ಮದು ‘ಬಾದಿನರಿ’. 3310ರ ಟೋನ್ ಪಟ್ಟಿಯಲ್ಲಿ Badinerie ಎಂದೇ ಇತ್ತು. ಮೂಲ ಜರ್ಮನಿಯ ಬಾಖ್‌ನದು. ಅವನ ಎರಡನೇ ಆರ್ಕೆಸ್ಟ್ರಾ ಸ್ವೀಟ್‌ನ ಕೊನೆಯ ಭಾಗ, ಕೊಳಲಿಗೆ ಬರೆದದ್ದು. ಹಳೆಯ ಶಾಸ್ತ್ರೀಯ ರಾಗಗಳಿಗೆ ಹಕ್ಕಿನ ಹಣ ಕಟ್ಟಬೇಕಿರಲಿಲ್ಲವಲ್ಲ, ಫೋನುಗಳಲ್ಲಿ ಅವು ಬಹಳ ಇದ್ದವು.

ಒಂದು ಎಚ್ಚರಿಕೆ. ಮೊದಲೇ ಕೊಳಲಿನ ಕಛೇರಿ ಕೇಳಬೇಡಿ. ಕೊಳಲಿನ ಉಸಿರು, ಕೆಳಗೆ ಪಿಟೀಲುಗಳು, ಎಲ್ಲ ಸೇರಿ ‘ಇದಲ್ಲವೇ ಅಲ್ಲ’ ಅನಿಸಿಬಿಡುತ್ತದೆ. Nokia 3310 Badinerie ಎಂದು ಹುಡುಕಿ, ಫೋನಿನದೇ ಸದ್ದು ಕೇಳಿ. ಏರಿಳಿತ ಹೊಂದಿದ ಮಾತ್ರಕ್ಕೆ ರಾಗ ಅದೇ ಎನ್ನಲಾಗದು, ಲಯವೂ ಕೂಡಬೇಕು.

ಕೂಡದಿದ್ದರೆ ಇನ್ನೊಂದು ಸಾಧ್ಯತೆ ಉಳಿಯುತ್ತದೆ. ಆ ಫೋನಿನಲ್ಲಿ ಕಂಪೋಸರ್ ಇತ್ತು, ಕೀಲಿ ಒತ್ತಿ ಒತ್ತಿ ಸಿನಿಮಾ ಹಾಡು ಕೂರಿಸುತ್ತಿದ್ದೆವು. ಅಪ್ಪಾಜಿಯೋ ಅಂಗಡಿಯ ಹುಡುಗನೋ ಹಾಗೆ ಕೂರಿಸಿದ್ದರೆ ಯಾವ ಪಟ್ಟಿಯಲ್ಲೂ ಸಿಗದು. ಆಗ ಅಂಗಡಿಯಲ್ಲಿದ್ದವರನ್ನೇ ಕೇಳಬೇಕು.

ಸಿಕ್ಕಿದ್ದನ್ನು ಯಜಮಾನರಿಗಲ್ಲ, ಅಪ್ಪಾಜಿ ಜೊತೆ ಆ ಮನೆಯಲ್ಲಿದ್ದ ಯಾರಿಗಾದರೂ ಮೊದಲು ಕೇಳಿಸಿ. ಏನು, ಯಾಕೆ ಅಂತ ಹೇಳದೆ, ಪಕ್ಕದ ಕೋಣೆಯಿಂದ.