ಅಂಕಿ ಸರಿ, ಅರ್ಥ ತಲೆಕೆಳಗು: ಪಾಸ್‌ಬುಕ್ ಅನುವಾದದ ಒಂದು ಪಾಠ

ತರಗತಿ: 8 | ವಿಷಯ: ಗಣಿತ | ಅವಧಿ: 40 ನಿಮಿಷದ ಎರಡು ತರಗತಿಗಳು

ಬೋಧನಾಭ್ಯಾಸದ ವೇಳೆ ಯಲಹಂಕದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಈ ಪಾಠ ಮಾಡಿದೆ. ಆ ತರಗತಿಯ ಅನೇಕ ಮಕ್ಕಳು ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಪಾಸ್‌ಬುಕ್ ಓದಿ ಹೇಳುವವರು. ಪುಟದ ಫೋಟೋ ನೋಡಿ ಕಾಲಂ ಶೀರ್ಷಿಕೆಗಳನ್ನೂ ಸಂಕ್ಷೇಪಗಳನ್ನೂ ಕನ್ನಡಕ್ಕೆ ತರುವುದು, ಯಾವ ಮೊತ್ತವನ್ನೂ ಬದಲಿಸದಿರುವುದು ಪಾಠದ ಉದ್ದೇಶ. ನಿಜವಾದ ಪುಟಗಳಲ್ಲಿ ಹೆಸರು, ಖಾತೆ ಸಂಖ್ಯೆ ಇರುವುದರಿಂದ ನಾನೇ ಒಂದು ಮಾದರಿ ಪುಟ ಮುದ್ರಿಸಿ ಅದರ ಫೋಟೋ ಹಂಚಿದೆ.

```
DATE   PARTICULARS   DEBIT    CREDIT   BALANCE
       B/F                             3240.00Cr
04-06  BY CASH                2000.00  5240.00Cr
09-06  ATM WDL      1500.00            3740.00Cr
17-06  UPI           385.00            3355.00Cr
30-06  INT PD                   23.00  3378.00Cr
30-06  SMS CHG        17.70            3360.30Cr
```

ಮೊದಲ ತರಗತಿಯಲ್ಲಿ ಮೊತ್ತಗಳ ಕೆಲಸ. ಅಂಕಿಗಳನ್ನು ಪುಟದಲ್ಲಿ ಇದ್ದಂತೆಯೇ ಬರೆಯಬೇಕು, ಕನ್ನಡ ಅಂಕಿಗೆ ತಿರುಗಿಸಬಾರದು ಎಂದು ಹೇಳಿದೆ. ಅವಸರದ ಕೈಬರಹದಲ್ಲಿ ೬ ಮತ್ತು ೯ ಸುಲಭವಾಗಿ ಅದಲುಬದಲಾಗುತ್ತವೆ. 17.70ರ ಕೊನೆಯ ಸೊನ್ನೆಯನ್ನೂ ಬಿಡುವಂತಿಲ್ಲ. ಬರೆದ ಮೇಲೆ ಪ್ರತಿ ಸಾಲಿನಲ್ಲಿ ಹಿಂದಿನ ಮೊತ್ತಕ್ಕೆ ಕ್ರೆಡಿಟ್ ಕೂಡಿಸಿ, ಡೆಬಿಟ್ ಕಳೆದು, ಬರೆದ ಬ್ಯಾಲೆನ್ಸ್ ಜೊತೆ ಹೋಲಿಸಬೇಕು. ಒಂದು ಗುಂಪು 385 ಬದಲು 358 ಎಂದು ಬರೆದಿತ್ತು. ಅವರ ಲೆಕ್ಕದಲ್ಲಿ 3382 ಬಂತು, ಪುಟದಲ್ಲಿ 3355 ಇತ್ತು. ವ್ಯತ್ಯಾಸ 27, ಅದು 9ರಿಂದ ಭಾಗವಾಗುತ್ತದೆ. ಪಕ್ಕಪಕ್ಕದ ಎರಡು ಅಂಕಿಗಳು ಸ್ಥಾನ ಬದಲಿಸಿದರೆ ವ್ಯತ್ಯಾಸ ಯಾವಾಗಲೂ 9ರ ಅಪವರ್ತ್ಯವೇ ಆಗಿರುತ್ತದೆ; (10a + b) − (10b + a) = 9(a − b) ಎಂದು ಮಕ್ಕಳೇ ಹಲಗೆಯ ಮೇಲೆ ತೋರಿಸಿದರು. ವ್ಯತ್ಯಾಸ 9ರಿಂದ ಭಾಗವಾದರೆ ಮೊದಲು ಅದಲುಬದಲಾದ ಅಂಕಿಗಳನ್ನು ಹುಡುಕಬಹುದು.

ಎರಡನೆಯ ತರಗತಿಯಲ್ಲಿ ಪದಗಳ ಕೆಲಸ. ನಿಘಂಟು ನೋಡಿದ ಒಂದು ಗುಂಪು ಕ್ರೆಡಿಟ್‌ಗೆ ‘ಸಾಲ’, ಬ್ಯಾಲೆನ್ಸ್‌ಗೆ ‘ಬಾಕಿ’ ಎಂದು ಬರೆಯಿತು. ಎರಡೂ ನಿಘಂಟಿನಲ್ಲಿರುವ ಅರ್ಥಗಳೇ. ಆದರೆ ಕೊನೆಯ ಸಾಲನ್ನು ‘ಬಾಕಿ 3360.30, ಸಾಲ’ ಎಂದು ಓದಿದರೆ ಅಜ್ಜಿಗೆ ಬ್ಯಾಂಕಿನಲ್ಲಿ ಸಾಲ ಉಳಿದಿದೆ ಎಂದೇ ಕೇಳಿಸುತ್ತದೆ. ಒಂದು ಪೈಸೆಯೂ ಬದಲಾಗಿಲ್ಲ, ಅರ್ಥ ಮಾತ್ರ ತಲೆಕೆಳಗಾಗಿದೆ.

ಕೂಡಿ ಕಳೆಯುವ ಪರೀಕ್ಷೆ ಈ ತಪ್ಪನ್ನು ಹಿಡಿಯಲಾರದು. ಸಾಲ 3240 ಇತ್ತು, 2000 ಸೇರಿ 5240 ಆಯಿತು ಎಂದು ಓದಿದರೂ ಲೆಕ್ಕ ಸರಿಯಾಗಿಯೇ ಬರುತ್ತದೆ. ಹಾಗಾಗಿ ವಿವರದ ಕಾಲಂ ಓದಲೇಬೇಕು. 09-06ರಂದು ಎಟಿಎಂನಿಂದ 1500 ತೆಗೆದಿದ್ದಾರೆ, ಬ್ಯಾಲೆನ್ಸ್ 3740ಕ್ಕೆ ಇಳಿದಿದೆ. ಇದನ್ನು ನೋಡಿದ ಒಬ್ಬ ಹುಡುಗಿ, “ಮಿಸ್, ದುಡ್ಡು ತಗೊಂಡ್ರೆ ಸಾಲ ಹೆಂಗೆ ಕಮ್ಮಿ ಆಗತ್ತೆ?” ಎಂದು ಕೇಳಿದಳು. ಆ ಪ್ರಶ್ನೆಯೇ ಪರೀಕ್ಷೆ. ಹಣ ಕೈಗೆ ಬಂದಾಗ ಇಳಿಯುವ ಮೊತ್ತ ನಮ್ಮ ಉಳಿತಾಯ, ಏರುವುದಾದರೆ ಅದು ಸಾಲ.

‘ಸಾಲ’ ಎಂಬ ಅರ್ಥ ಎಲ್ಲಿಂದ ಬಂತು ಎಂಬುದನ್ನೂ ವಿವರಿಸಿದೆ. ಪಾಸ್‌ಬುಕ್ ಎಂದರೆ ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿರುವ ನಮ್ಮ ಖಾತೆಯ ಪ್ರತಿ. ನಾವು ಕಟ್ಟಿದ ಹಣವನ್ನು ಬ್ಯಾಂಕು ನಮಗೆ ಹಿಂದಿರುಗಿಸಬೇಕು, ಆದ್ದರಿಂದ ಅದರ ಲೆಕ್ಕದಲ್ಲಿ ಅದು ಕ್ರೆಡಿಟ್. ಸಾಲವೇನೋ ನಿಜ, ಆದರೆ ಸಾಲಗಾರ ಬ್ಯಾಂಕು. ಉಳಿತಾಯ ಖಾತೆಯ ಬ್ಯಾಲೆನ್ಸ್ ಮುಂದೆ Cr ಇರುವುದಕ್ಕೆ ಇದೇ ಕಾರಣ. ನಾವು ತೀರಿಸಬೇಕಾದ ಸಾಲದ ಖಾತೆಯಲ್ಲಿ ಬ್ಯಾಲೆನ್ಸ್ ಮುಂದೆ Dr ಬರುತ್ತದೆ. ಈ ಎರಡು ಅಕ್ಷರಗಳನ್ನು ಮೊತ್ತದ ಭಾಗವೆಂದೇ ಎಣಿಸಿ ಬಿಡದೆ ಬರೆಯಬೇಕು.

ಚರ್ಚೆಯ ಕೊನೆಗೆ ತರಗತಿ ಒಪ್ಪಿಕೊಂಡ ಪದಗಳಿವು. ಕ್ರೆಡಿಟ್‌ಗೆ ‘ಜಮೆ’. ಡೆಬಿಟ್‌ಗೆ ‘ಖಾತೆಯಿಂದ ಹೋದದ್ದು’. ‘ಖರ್ಚು’ ಬೇಡವೆಂದರು, ಏಕೆಂದರೆ ಎಟಿಎಂನಿಂದ ತೆಗೆದ ಹಣ ಇನ್ನೂ ಕೈಯಲ್ಲೇ ಇರಬಹುದು. ಬ್ಯಾಲೆನ್ಸ್‌ಗೆ ‘ಖಾತೆಯಲ್ಲಿ ಉಳಿದದ್ದು’. B/F ಎಂದರೆ ‘ಹಿಂದಿನ ಪುಟದಿಂದ ತಂದದ್ದು’; ಅದನ್ನು ಹೊಸ ಜಮೆಯೆಂದು ಕೂಡಿಸಬಾರದು. INT PD ‘ಬ್ಯಾಂಕು ಕೊಟ್ಟ ಬಡ್ಡಿ’, SMS CHG ‘ಎಸ್‌ಎಂಎಸ್ ಶುಲ್ಕ’. ಬಿಡಿಸಲಾಗದ ಸಂಕ್ಷೇಪವನ್ನು ಊಹಿಸದೆ ಹಾಗೆಯೇ ಬರೆದು, ಪಕ್ಕದಲ್ಲಿ ‘ಬ್ಯಾಂಕಿನಲ್ಲಿ ಕೇಳಬೇಕು’ ಎಂದು ಗುರುತಿಸಬೇಕೆಂದೂ ತೀರ್ಮಾನವಾಯಿತು.

ಮೌಲ್ಯಮಾಪನಕ್ಕೆ ಬೇರೊಂದು ಮಾದರಿ ಪುಟ ಕೊಟ್ಟು, ಪ್ರತಿ ಸಾಲನ್ನೂ ಮನೆಯವರಿಗೆ ಹೇಳುವಂತೆ ಒಂದೊಂದು ವಾಕ್ಯವಾಗಿ ಬರೆಸಿದೆ. ‘ಜೂನ್ 9ರಂದು ಎಟಿಎಂನಿಂದ 1500.00 ತೆಗೆದಿದ್ದೀರಿ, ಖಾತೆಯಲ್ಲಿ 3740.00 ಉಳಿದಿದೆ’ ಎಂಬುದು ಅದಕ್ಕೆ ಕೊಟ್ಟ ಮಾದರಿ. ಪದಪಟ್ಟಿಯನ್ನು ಬಾಯಿಪಾಠ ಒಪ್ಪಿಸಿದ ಮಕ್ಕಳಲ್ಲೂ ಯಾರಿಗೆ ಹಣ ಬಂತು, ಯಾರಿಂದ ಹೋಯಿತು ಎಂಬ ಗೊಂದಲ ಉಳಿದಿದ್ದರೆ ಅದು ಇಂಥ ವಾಕ್ಯದಲ್ಲಿ ಕಾಣುತ್ತದೆ. ಈ ಪಾಠ ಮಾಡುವವರು ಪದಪಟ್ಟಿಯ ಬದಲು ವಾಕ್ಯಗಳಿಗೇ ಅಂಕ ಕೊಡುವುದು ಒಳ್ಳೆಯದು.